ಅಪರಿಚಿತ ಗ್ರಾಹಕರಿಗೆ ಇಪ್ಪತ್ತೈದು ಸೆಕೆಂಡಿನ ವಿಡಿಯೊ

ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹುರಿದು ಆನ್‌ಲೈನ್‌ನಲ್ಲಿ ಮಾರುವ ಒಬ್ಬ ಮಹಿಳೆ ಇದ್ದಾರೆ ಎಂದುಕೊಳ್ಳೋಣ. ಬೆಂಗಳೂರಿನ ಪೀಣ್ಯದಲ್ಲಿ ಕಾಫಿ ತುಂಬುವ ಪೌಚ್ ತಯಾರಿಸುವವರೊಬ್ಬರಿಗೆ ಆಕೆ ತಮ್ಮ ಗ್ರಾಹಕರಾಗಬೇಕು ಎಂಬ ಆಸೆ. ಇಬ್ಬರಿಗೂ ಪರಿಚಯವಿಲ್ಲ, ನಡುವೆ ಹೇಳಿಸುವವರೂ ಇಲ್ಲ. ಹೀಗೆ ಗುರುತಿಲ್ಲದವರನ್ನು ನೇರವಾಗಿ ಸಂಪರ್ಕಿಸುವುದನ್ನು ಮಾರಾಟದವರು ಕೋಲ್ಡ್ ಔಟ್‌ರೀಚ್ ಎನ್ನುತ್ತಾರೆ. ಹಿಂದೆ ಇದಕ್ಕೆ ಫೋನ್ ಕರೆ, ಆಮೇಲೆ ಇಮೇಲ್ ಬಳಕೆಯಾಯಿತು. ಈಗ ಒಬ್ಬರೇ ಗ್ರಾಹಕರಿಗಾಗಿ ಮಾಡಿದ ಪುಟ್ಟ ವಿಡಿಯೊ ಅವುಗಳ ಜೊತೆ ಸೇರಿದೆ.

ಈ ಪದ್ಧತಿ ಹೆಚ್ಚಾಗಿ ಬೆಳೆದದ್ದು ಅಮೆರಿಕ ಮತ್ತು ಕೆನಡಾದ ಸಾಫ್ಟ್‌ವೇರ್ ಮಾರಾಟಗಾರರ ನಡುವೆ. ಪರದೆಯನ್ನೂ ಮಾತನಾಡುವವರ ಮುಖವನ್ನೂ ಒಟ್ಟಿಗೆ ಚಿತ್ರೀಕರಿಸುವ ಲೂಮ್, ವಿಡ್‌ಯಾರ್ಡ್‌ನಂಥ ಸಾಧನಗಳು ಇದನ್ನು ಸುಲಭ ಮಾಡಿದವು. 2023ರಲ್ಲಿ ಅಟ್ಲಾಸಿಯನ್ ಕಂಪನಿ ಲೂಮ್ ಅನ್ನು ಸುಮಾರು 97.5 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು. ಆದರೆ ಈ ಕೆಲಸಕ್ಕೆ ಅಂಥ ಸಾಧನವೇ ಬೇಕೆಂದಿಲ್ಲ, ಕೈಯಲ್ಲಿರುವ ಮೊಬೈಲ್ ಸಾಕು. ಕಷ್ಟವಿರುವುದು ಸ್ಕ್ರಿಪ್ಟಿನಲ್ಲಿ.

ಪೌಚ್ ತಯಾರಕರು ಮೊದಲು ಬರೆಯುವ ಸ್ಕ್ರಿಪ್ಟ್ ಬಹುತೇಕ ಹೀಗಿರುತ್ತದೆ: ‘ನಮಸ್ಕಾರ, ನಮ್ಮ ಸಂಸ್ಥೆ ಪ್ಯಾಕೇಜಿಂಗ್ ಕ್ಷೇತ್ರದಲ್ಲಿ ಹಲವು ವರ್ಷಗಳಿಂದ ಗುಣಮಟ್ಟದ ಸೇವೆ ನೀಡುತ್ತಿದೆ. ಆಹಾರ, ಔಷಧ, ಸೌಂದರ್ಯವರ್ಧಕ ಹೀಗೆ ಎಲ್ಲ ಬಗೆಯ ಉದ್ಯಮಗಳಿಗೂ...’ ಇಷ್ಟು ಹೇಳುವಷ್ಟರಲ್ಲಿ ಹತ್ತು ಸೆಕೆಂಡು ಕಳೆದಿರುತ್ತದೆ. ಕೇಳುವವರಿಗೆ ತಮ್ಮ ಬಗ್ಗೆ ಒಂದು ಮಾತೂ ಸಿಕ್ಕಿರುವುದಿಲ್ಲ. ಆರಂಭದಲ್ಲಿ ಆಕೆಯ ಹೆಸರು ಸೇರಿಸಿದ ಮಾತ್ರಕ್ಕೆ ಇದು ಆಕೆಗಾಗಿ ಮಾಡಿದ ವಿಡಿಯೊ ಆಗುವುದಿಲ್ಲ. ಪರೀಕ್ಷೆ ಸರಳ: ಹೆಸರು ಬದಲಿಸಿ ಇದನ್ನೇ ಒಬ್ಬ ಉಪ್ಪಿನಕಾಯಿ ತಯಾರಕರಿಗೆ ಕಳಿಸಬಹುದಾದರೆ, ಅದರಲ್ಲಿ ಆ ಗ್ರಾಹಕರಿಗೆಂದೇ ಹೇಳಿದ್ದು ಏನೂ ಇಲ್ಲ.

ಹಾಗಾಗಿ ನಿಜವಾದ ಕೆಲಸ ಶುರುವಾಗುವುದು ಬರೆಯುವುದಕ್ಕೂ ಮುಂಚೆ. ತಯಾರಕರು ಆಕೆಯ ಮಾರಾಟ ಪುಟ ತೆರೆದು ಗ್ರಾಹಕರ ಅಭಿಪ್ರಾಯಗಳನ್ನು ಓದುತ್ತಾರೆ. ಬೀಜ ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದ್ದಾರೆ, ಆದರೆ ಪ್ಯಾಕೆಟ್ ಉಬ್ಬಿಕೊಂಡು ಬಂತು ಎಂದು ಮೂವರು ಬರೆದಿದ್ದಾರೆ. ಪೌಚ್ ಮಾಡುವವರಿಗೆ ಇದರ ಕಾರಣ ತಕ್ಷಣ ಹೊಳೆಯುತ್ತದೆ. ಹುರಿದ ಕಾಫಿ ಬೀಜದೊಳಗಿಂದ ಇಂಗಾಲದ ಡೈಆಕ್ಸೈಡ್ ಹಲವು ದಿನಗಳವರೆಗೆ ಹೊರಬರುತ್ತಲೇ ಇರುತ್ತದೆ. ಬಿಗಿಯಾಗಿ ಸೀಲ್ ಮಾಡಿದ ಪೌಚಿನಲ್ಲಿ ಅದಕ್ಕೆ ದಾರಿಯಿಲ್ಲದೆ ಪ್ಯಾಕೆಟ್ ಉಬ್ಬುತ್ತದೆ, ಕೆಲವೊಮ್ಮೆ ಸೀಲ್ ಬಿಟ್ಟುಕೊಳ್ಳುತ್ತದೆ. ಅನಿಲವನ್ನು ಹೊರಗೆ ಬಿಟ್ಟು ಗಾಳಿಯನ್ನು ಒಳಗೆ ಬಿಡದ ಪುಟ್ಟ ವಾಲ್ವ್ ಇದಕ್ಕೆ ಪರಿಹಾರ.

ಇಲ್ಲಿ ಒಂದು ಎಚ್ಚರ ಬೇಕು. ಆ ದೂರುಗಳು ಎರಡು ವರ್ಷ ಹಳೆಯವಾಗಿದ್ದು, ಆಕೆ ಈಗಾಗಲೇ ವಾಲ್ವ್ ಇರುವ ಪೌಚಿಗೆ ಬದಲಾಗಿದ್ದರೆ ವಿಡಿಯೊ ಕಳಿಸಿದವರ ಮರ್ಯಾದೆ ಹೋಗುತ್ತದೆ. ಅಭಿಪ್ರಾಯಗಳ ದಿನಾಂಕ ನೋಡಬೇಕು. ಅದಕ್ಕಿಂತ ಒಳ್ಳೆಯದು, ದುಡ್ಡು ಕೊಟ್ಟು ಒಂದು ಪ್ಯಾಕೆಟ್ ತರಿಸಿಕೊಳ್ಳುವುದು. ಹಾಗೆ ತರಿಸಿದ ಪ್ಯಾಕೆಟ್ಟನ್ನೇ ಕೈಯಲ್ಲಿ ಹಿಡಿದು ಕ್ಯಾಮೆರಾ ಮುಂದೆ ನಿಂತರೆ, ಇದು ನನಗಾಗಿಯೇ ಮಾಡಿದ್ದು ಎಂಬುದು ಆಕೆಗೆ ಮೊದಲ ನೋಟದಲ್ಲೇ ತಿಳಿಯುತ್ತದೆ. ಇದನ್ನು ಮಾತಿನಲ್ಲಿ ಹೇಳಬೇಕಾದ ಅಗತ್ಯವೇ ಇರುವುದಿಲ್ಲ.

ಈಗ ಸ್ಕ್ರಿಪ್ಟ್ ಹೀಗಾಗುತ್ತದೆ:

‘ನಮಸ್ಕಾರ ಮೇಡಂ. ನಿಮ್ಮ ಅರ್ಧ ಕೆಜಿ ಅರೇಬಿಕಾ ಬೀಜದ ಪ್ಯಾಕೆಟ್ ಉಬ್ಬಿ ಬಂತು ಅಂತ ಮೂವರು ಗ್ರಾಹಕರು ಬರೆದಿರೋದು ನೋಡಿದೆ. ನಾನು ಪೀಣ್ಯದಲ್ಲಿ ಕಾಫಿ ಪೌಚ್ ಮಾಡ್ತೀನಿ. ಇಲ್ಲಿ ನೋಡಿ, ಇದರಲ್ಲಿ ಒಂದು ವಾಲ್ವ್ ಇದೆ. ಗ್ಯಾಸ್ ಹೊರಗೆ ಹೋಗುತ್ತೆ, ಗಾಳಿ ಒಳಗೆ ಬರಲ್ಲ. ನಿಮ್ಮ ಅಳತೆಯದೇ ಹತ್ತು ಖಾಲಿ ಪೌಚ್ ಕಳಿಸ್ತೀನಿ, ತುಂಬಿ ಒಂದು ವಾರ ಇಟ್ಟು ನೋಡಿ. ಯಾವ ವಿಳಾಸಕ್ಕೆ ಕಳಿಸಲಿ ಮೇಡಂ?’

ಎಲ್ಲ ಸೇರಿ 50ಕ್ಕೂ ಕಡಿಮೆ ಪದ. ಅವಸರವಿಲ್ಲದೆ ಹೇಳಿದರೂ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಕನ್ನಡದಲ್ಲಿ ವಿಭಕ್ತಿ, ಪ್ರತ್ಯಯಗಳು ಪದಕ್ಕೇ ಅಂಟಿಕೊಂಡು ಪದ ಉದ್ದವಾಗುವುದರಿಂದ ಇಂಗ್ಲಿಷ್ ಮಾದರಿಗಳ ಪದಲೆಕ್ಕ ಇಲ್ಲಿ ನಡೆಯುವುದಿಲ್ಲ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡುವುದೇ ನಂಬಬಹುದಾದ ಅಳತೆ. ಅಮೆರಿಕದ ಮಾದರಿಗಳಲ್ಲಿ ಗ್ರಾಹಕರನ್ನು ಮೊದಲ ಹೆಸರಿನಿಂದ ಕರೆಯುತ್ತಾರೆ. ನಮ್ಮಲ್ಲಿ ಗುರುತಿಲ್ಲದವರು ಹಾಗೆ ಕರೆದರೆ ಮುಖ ಸಿಂಡರಿಸುವವರೇ ಹೆಚ್ಚು, ಹಾಗಾಗಿ ಮೇಡಂ ಎಂಬುದೇ ಸರಿ.

ಈ ಸ್ಕ್ರಿಪ್ಟಿನಲ್ಲಿ ಗಮನಿಸಬೇಕಾದದ್ದು ಕೊನೆಯ ಪ್ರಶ್ನೆ. ‘ಹದಿನೈದು ನಿಮಿಷ ಮೀಟಿಂಗಿಗೆ ಸಮಯ ಕೊಡಿ’ ಎಂದು ಕೇಳಿದರೆ, ಹುರಿಯುವ ಕೆಲಸದ ನಡುವೆ ಇರುವ ಆಕೆ ಅದನ್ನು ನಾಳೆಗೆ ಮುಂದೂಡುತ್ತಾರೆ. ವಿಳಾಸ ಕಳಿಸುವುದು ಒಂದು ಸಾಲಿನ ಕೆಲಸ. ದರಪಟ್ಟಿ ನೋಡಿ, ವೆಬ್‌ಸೈಟ್ ನೋಡಿ, ಕರೆ ಮಾಡಿ ಎಂದು ಮೂರು ಮಾತು ಒಟ್ಟಿಗೆ ಹೇಳಿದರೆ ಯಾವುದೂ ಆಗುವುದಿಲ್ಲ. ದರ, ಕನಿಷ್ಠ ಆರ್ಡರ್, ಮುದ್ರಣದ ವಿವರಗಳಿಗೆಲ್ಲ ಉತ್ತರ ಬಂದ ಮೇಲೆ ಜಾಗವಿದೆ. ಇನ್ನು ಧ್ವನಿಯ ವಿಷಯ. ‘ನಿಮ್ಮ ಪ್ಯಾಕಿಂಗ್ ಸರಿಯಿಲ್ಲ’ ಎಂಬ ತಪ್ಪು ಹುಡುಕುವ ದನಿ ಬಂದರೆ ಆಕೆ ಅಲ್ಲೇ ವಿಡಿಯೊ ನಿಲ್ಲಿಸುತ್ತಾರೆ. ಅದಕ್ಕೇ ಸ್ಕ್ರಿಪ್ಟ್ ಗ್ರಾಹಕರು ಬರೆದದ್ದನ್ನಷ್ಟೇ ಹೇಳುತ್ತದೆ, ತೀರ್ಪು ಕೊಡುವುದಿಲ್ಲ.

ಕಳಿಸುವ ದಾರಿಯೂ ಸ್ಕ್ರಿಪ್ಟನ್ನು ಬದಲಿಸುತ್ತದೆ. ಹೆಚ್ಚಿನ ಇಮೇಲ್ ಪೆಟ್ಟಿಗೆಗಳಲ್ಲಿ ವಿಡಿಯೊ ಅಲ್ಲೇ ಓಡುವುದಿಲ್ಲ. ಒಂದು ಚಿತ್ರ ಹಾಕಿ, ಅದನ್ನು ಒತ್ತಿದರೆ ವಿಡಿಯೊ ತೆರೆಯುವಂತೆ ಮಾಡಬೇಕಾಗುತ್ತದೆ. ಚಲಿಸುವ ಜಿಫ್ ಚಿತ್ರ ಹಾಕಿದರೂ ಹಳೆಯ ಔಟ್‌ಲುಕ್ ಆವೃತ್ತಿಗಳು ಅದರ ಮೊದಲ ಚೌಕಟ್ಟನ್ನು ಮಾತ್ರ ತೋರಿಸುತ್ತವೆ. ಆದ್ದರಿಂದ ಆಕೆಯ ಪ್ಯಾಕೆಟ್ ಆ ಮೊದಲ ಚೌಕಟ್ಟಿನಲ್ಲೇ ಕಾಣಬೇಕು. ಬಹಳಷ್ಟು ಜನ ಧ್ವನಿ ಇಲ್ಲದೆ ನೋಡುವುದರಿಂದ ಮಾತುಗಳನ್ನು ವಿಡಿಯೊದ ಕೆಳಗೆ ಅಕ್ಷರದಲ್ಲೂ ಹಾಕಬೇಕು. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ನೇರವಾಗಿ ಓಡುತ್ತದೆ ನಿಜ, ಆದರೆ ಅಪರಿಚಿತ ಸಂಖ್ಯೆಯ ಸಂದೇಶದ ಜೊತೆಗೇ ಬ್ಲಾಕ್ ಮತ್ತು ರಿಪೋರ್ಟ್ ಗುಂಡಿಗಳೂ ಕಾಣುತ್ತವೆ. ಹೆಚ್ಚು ಜನ ದೂರಿದರೆ ಆ ಸಂಖ್ಯೆಯೇ ನಿಷೇಧಕ್ಕೆ ಒಳಗಾಗಬಹುದು.

ಫಲಿತಾಂಶ ಅಳೆಯುವಾಗ ಇಮೇಲ್ ಎಷ್ಟು ಜನ ತೆರೆದರು ಎಂಬ ಸಂಖ್ಯೆಯನ್ನು ನಂಬುವಂತಿಲ್ಲ. ಆ್ಯಪಲ್ 2021ರಲ್ಲಿ ತನ್ನ ಮೇಲ್ ಆ್ಯಪ್‌ಗೆ ತಂದ ಗೌಪ್ಯತಾ ವ್ಯವಸ್ಥೆ, ಓದುಗರು ನೋಡದ ಇಮೇಲನ್ನೂ ತೆರೆದಂತೆ ತೋರಿಸುತ್ತದೆ. ಉಪಯುಕ್ತ ಸುಳಿವು ಸಿಗುವುದು ವಿಡಿಯೊವನ್ನು ಎಲ್ಲಿಯವರೆಗೆ ನೋಡಿದರು ಎಂಬುದರಲ್ಲಿ. ಹಲವರು ಮೊದಲ ನಾಲ್ಕೈದು ಸೆಕೆಂಡಿನಲ್ಲೇ ಬಿಟ್ಟುಹೋದರೆ ಆರಂಭದ ವಾಕ್ಯ ಅವರಿಗೆ ತಾಗಿಲ್ಲ. ಪೂರ್ತಿ ನೋಡಿಯೂ ಉತ್ತರಿಸದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕೊನೆಯ ಪ್ರಶ್ನೆಯನ್ನು.

ಇದು ಎಲ್ಲರಿಗೂ ಒಗ್ಗುವ ವಿಧಾನವಲ್ಲ. ಹುಡುಕುವುದು, ಪ್ಯಾಕೆಟ್ ತರಿಸುವುದು, ಬರೆಯುವುದು, ಚಿತ್ರೀಕರಿಸುವುದು ಇಷ್ಟಕ್ಕೂ ಒಬ್ಬ ಗ್ರಾಹಕರಿಗೇ ಸಾಕಷ್ಟು ಹೊತ್ತು ಹಿಡಿಯುತ್ತದೆ. ತಿಂಗಳು ತಿಂಗಳು ಸಾವಿರಾರು ಪೌಚ್ ಕೊಳ್ಳಬಲ್ಲ ಕಾಫಿ ಘಟಕಕ್ಕಾದರೆ ಅಷ್ಟು ಹೊತ್ತು ಕೊಡಬಹುದು. ವರ್ಷಕ್ಕೊಮ್ಮೆ ನೂರು ಪೌಚ್ ಕೊಳ್ಳುವ ಅಂಗಡಿಗೆ ಅದು ನಷ್ಟದ ಬಾಬತ್ತು. ಶ್ರಮ ಉಳಿಸಲು ಒಂದೇ ವಿಡಿಯೊದ ಮುಂದೆ ಬೇರೆ ಬೇರೆ ಹೆಸರು ಹೇಳಿ ಅಂಟಿಸುವವರೂ ಇದ್ದಾರೆ. ಬೆಳಕು, ದನಿಯ ಏರಿಳಿತ ಬದಲಾಗುವ ಜಾಗದಲ್ಲಿ ಆ ಬೆಸುಗೆ ನೋಡುವವರಿಗೆ ಕಂಡುಬಿಡುತ್ತದೆ. ಅದಕ್ಕಿಂತ ಸಾಮಾನ್ಯ ಇಮೇಲೇ ವಾಸಿ.

ಇಂಥ ವಿಡಿಯೊ ಮಾಡಲು ಹೊರಡುವವರು ಇಷ್ಟು ಮಾಡಲಿ: ಆ ಗ್ರಾಹಕರ ಬಗ್ಗೆ ಖಚಿತವಾದ ಒಂದು ಸಂಗತಿ ಸಿಗದಿದ್ದರೆ ಕ್ಯಾಮೆರಾ ತೆಗೆಯಬೇಡಿ. ಕಳಿಸಿದ ಮೇಲೆ ಉತ್ತರ ಬಾರದಿದ್ದರೆ ಒಂದು ವಾರ ಬಿಟ್ಟು ಒಮ್ಮೆ ನೆನಪಿಸಿ. ಬೇಡ ಎಂದವರ ಹೆಸರನ್ನು ಅಂದೇ ಪಟ್ಟಿಯಿಂದ ತೆಗೆದುಹಾಕಿ.