ಏಳು ದಿನದ ಶೇಕಡಾ ಕೂಡಿ ಏಳರಿಂದ ಭಾಗಿಸಿದರೆ

ಆನ್‌ಲೈನ್ ಜಾಹೀರಾತಿನ ವರದಿಗಳಲ್ಲಿ ‘ಸಿಟಿಆರ್’ ಅಥವಾ ಕ್ಲಿಕ್ ದರ ಎಂಬ ಅಂಕಿ ಇರುತ್ತದೆ. ಜಾಹೀರಾತು ನೂರು ಸಲ ಪರದೆಯ ಮೇಲೆ ಕಾಣಿಸಿಕೊಂಡರೆ ಎಷ್ಟು ಸಲ ಅದರ ಮೇಲೆ ಕ್ಲಿಕ್ ಬಿತ್ತು ಎಂಬ ಲೆಕ್ಕವಿದು. ಒಂದು ದಿನದ ದರ ತೆಗೆಯುವುದು ಸುಲಭ. ಎಡವುವುದು ವಾರದ ದರ ತೆಗೆಯುವಾಗ.

ಇಳಕಲ್ ಸೀರೆ ಮಾರುವ ಒಂದು ಅಂಗಡಿಯ ಜಾಹೀರಾತು ಎಂದುಕೊಳ್ಳಿ. ಸೋಮವಾರದಿಂದ ಶುಕ್ರವಾರದವರೆಗೆ ಅದು ದಿನಕ್ಕೆ 10,000 ಸಲ ಕಾಣಿಸಿಕೊಂಡು ತಲಾ 100 ಕ್ಲಿಕ್ ಪಡೆಯಿತು. ದರ ಶೇ 1. ವಾರಾಂತ್ಯದಲ್ಲಿ ಖರ್ಚು ತಗ್ಗಿಸಿ ಹಳೆಯ ಗಿರಾಕಿಗಳಿಗಷ್ಟೇ ತೋರಿಸಿದರು. ಶನಿವಾರ 1,000 ಸಲಕ್ಕೆ 50 ಕ್ಲಿಕ್, ಭಾನುವಾರ 1,000 ಸಲಕ್ಕೆ 60. ಅಂದರೆ ಶೇ 5 ಮತ್ತು ಶೇ 6.

ಏಳೂ ದರಗಳನ್ನು ಕೂಡಿದರೆ 16. ಏಳರಿಂದ ಭಾಗಿಸಿದರೆ ಸುಮಾರು ಶೇ 2.29. ಆದರೆ ವಾರವಿಡೀ ಬಂದದ್ದು 52,000 ಪ್ರದರ್ಶನಕ್ಕೆ 610 ಕ್ಲಿಕ್. ನಿಜವಾದ ದರ ಸುಮಾರು ಶೇ 1.17. ವರದಿಯಲ್ಲಿ ಅದು ಹೆಚ್ಚುಕಮ್ಮಿ ದುಪ್ಪಟ್ಟಾಗಿಬಿಟ್ಟಿತು.

ಸರಳ ಸರಾಸರಿಯಲ್ಲಿ ದಿನಕ್ಕೊಂದು ಮತ. ಸೋಮವಾರದ ಹತ್ತು ಸಾವಿರ ಪ್ರದರ್ಶನಕ್ಕೂ ಒಂದೇ, ಶನಿವಾರದ ಒಂದು ಸಾವಿರಕ್ಕೂ ಒಂದೇ. ಶೇಕಡಾ ಎಂದು ಬರೆದ ಕ್ಷಣ ಅದರ ಹಿಂದಿದ್ದ ಸಂಖ್ಯೆ ಎಷ್ಟು ದೊಡ್ಡದೆಂಬುದು ಕಣ್ಮರೆಯಾಗುತ್ತದೆ. ಎಲ್ಲ ದಿನವೂ ಪ್ರದರ್ಶನ ಸಮನಾಗಿದ್ದರೆ, ಇಲ್ಲವೇ ದರ ಒಂದೇ ಆಗಿದ್ದರೆ, ಎರಡೂ ಲೆಕ್ಕ ಒಂದೇ ಉತ್ತರ ಕೊಡುತ್ತವೆ. ತಪ್ಪು ಬಹುಕಾಲ ಗಮನಕ್ಕೆ ಬಾರದಿರಲು ಇದೂ ಒಂದು ಕಾರಣ.

ಸರಿಯಾದ ದಾರಿ: ಮೊದಲು ಕೂಡಿ, ಕೊನೆಗೆ ಒಮ್ಮೆ ಮಾತ್ರ ಭಾಗಿಸಿ. ಎಕ್ಸೆಲ್ ಹಾಳೆಯ B ಕಾಲಂನಲ್ಲಿ ಪ್ರದರ್ಶನ, Cಯಲ್ಲಿ ಕ್ಲಿಕ್, Dಯಲ್ಲಿ ದಿನದ ದರ ಇದ್ದರೆ ಹೀಗೆ ಬರೆಯಬೇಕು:

```
=SUM(C2:C8)/SUM(B2:B8)
```

ಕ್ಲಿಕ್ ಸಂಖ್ಯೆ ಕೈಗೆ ಸಿಗದೆ ದರ ಮತ್ತು ಪ್ರದರ್ಶನ ಮಾತ್ರ ಇದ್ದರೆ, ಪ್ರತಿ ದರಕ್ಕೂ ಆ ದಿನದ ಪ್ರದರ್ಶನದಷ್ಟು ತೂಕ ಕೊಡಿ:

```
=SUMPRODUCT(D2:D8,B2:B8)/SUM(B2:B8)
```

ಬರೀ ದರಗಳಷ್ಟೇ ಉಳಿದಿದ್ದರೆ ವಾರದ ದರ ತೆಗೆಯಲು ದಾರಿಯಿಲ್ಲ. ಹಾಗಾಗಿ ಜಾಹೀರಾತು ನೋಡಿಕೊಳ್ಳುವವರಿಂದ ಶೇಕಡಾವಾರು ಮಾತ್ರವಲ್ಲ, ಆ ಎರಡು ಮೂಲ ಸಂಖ್ಯೆಗಳನ್ನೂ ಕೇಳಿ ಪಡೆಯಬೇಕು. ಜಾಹೀರಾತು ಓಡದ ದಿನಕ್ಕೂ ಇದೇ ಕ್ರಮ ಒಳ್ಳೆಯದು. ಆ ದಿನದ ದರ ಸೊನ್ನೆ ಭಾಗ ಸೊನ್ನೆ, ಅಂದರೆ ದರವೇ ಇಲ್ಲ. ಅಲ್ಲಿ 0 ತುಂಬಿದರೆ ಸರಳ ಸರಾಸರಿ ಸುಮ್ಮನೆ ಕುಸಿಯುತ್ತದೆ. ಮೊತ್ತಗಳ ಲೆಕ್ಕಕ್ಕೆ ಏನೂ ಆಗುವುದಿಲ್ಲ.

ಕೈಗೆ ಬಂದ ವರದಿ ಸರಿಯೇ ಎಂದು ತಿಳಿಯಲು ವಾರದ ದರವನ್ನು ಒಟ್ಟು ಪ್ರದರ್ಶನದಿಂದ ಗುಣಿಸಿ ನೋಡಿ. 52,000ದ ಶೇ 2.29 ಎಂದರೆ ಸುಮಾರು 1,190 ಕ್ಲಿಕ್. ಬಂದಿದ್ದು 610.

ಒಂದು ಎಚ್ಚರಿಕೆ: ಕ್ಲಿಕ್ ಮತ್ತು ಪ್ರದರ್ಶನಗಳನ್ನು ದಿನದಿಂದ ದಿನಕ್ಕೆ ಕೂಡಬಹುದು, ನೋಡಿದ ಜನರ ಸಂಖ್ಯೆಯನ್ನು ಹಾಗೆ ಕೂಡುವಂತಿಲ್ಲ. ಸೋಮವಾರ ನೋಡಿದವರೇ ಮಂಗಳವಾರವೂ ನೋಡಿರಬಹುದು. ಜನರನ್ನು ಛೇದದಲ್ಲಿಟ್ಟ ದರ ಬೇಕಿದ್ದರೆ ಇಡೀ ವಾರಕ್ಕೆ ಒಮ್ಮೆಲೇ, ಒಬ್ಬರನ್ನು ಒಂದೇ ಸಲ ಎಣಿಸಬೇಕು.