ಒಂದೇ ಹಾಡು, ಎರಡು ಶೀರ್ಷಿಕೆ

ಆಡಿಯೊ ಕಂಪನಿಯ ಹಂಗಿಲ್ಲದೆ ಸ್ವಂತವಾಗಿ ಹಾಡು ಮಾಡುವವರು ಅದರ ಹೆಸರು, ಪ್ರಕಾರ, ವಿವರಣೆ ಎಲ್ಲವನ್ನೂ ತಾವೇ ತುಂಬಬೇಕು. ಬಹಳಷ್ಟು ಮಂದಿ ಎಡವುವುದು ಮೊದಲ ಖಾನೆಯಲ್ಲೇ. ಯೂಟ್ಯೂಬ್‌ಗೆ ಬರೆದ ಶೀರ್ಷಿಕೆಯನ್ನೇ ಸ್ಪಾಟಿಫೈ, ಆಪಲ್ ಮ್ಯೂಸಿಕ್‌ಗೂ ಕಳಿಸಿಬಿಡುತ್ತಾರೆ.

ಧಾರವಾಡದ ಗಾಯಕಿಯೊಬ್ಬರು ‘ಊರ ದಾರಿ’ ಎಂಬ ಹಾಡು ಮಾಡಿದ್ದಾರೆ ಎಂದುಕೊಳ್ಳಿ. ಗಿಟಾರ್ ಮುಂದಿದೆ, ಹಿಂದೆ ದಮ್ಮಡಿ. ಎರಡು ಸಾಲಿಗೆ ಗೆಳೆಯನ ದನಿಯೂ ಇದೆ. ಯೂಟ್ಯೂಬ್‌ನಲ್ಲಿ ಅವರು ಹೀಗೆ ಬರೆಯಬಹುದು:

`Oora Daari | ಊರ ದಾರಿ | Kannada Folk Song | Official Video`

ಇದರಲ್ಲಿ ತಪ್ಪಿಲ್ಲ. ಅಲ್ಲಿ ಶೀರ್ಷಿಕೆಗೆ 100 ಅಕ್ಷರಗಳ ಮಿತಿ ಇದೆ. ಮೊಬೈಲ್‌ನಲ್ಲಿ ಉದ್ದದ ಶೀರ್ಷಿಕೆಯ ಕೊನೆ ಕಾಣುವುದಿಲ್ಲ, ಹಾಗಾಗಿ ಹಾಡಿನ ಹೆಸರು ಮೊದಲಿಗೇ ಬರಬೇಕು.

ಸ್ಟ್ರೀಮಿಂಗ್ ಆ್ಯಪ್‌ಗಳ ಲೆಕ್ಕ ಬೇರೆ. ಅಲ್ಲಿಗೆ ಹಾಡು ಹೋಗುವುದು ಡಿಸ್ಟ್ರಿಬ್ಯೂಟರ್ ಮೂಲಕ. ಅವರ ಫಾರ್ಮಿನಲ್ಲಿ ಹೆಸರಿನ ಖಾನೆಗೆ `Oora Daari` ಅಷ್ಟೇ ಸಾಕು. ಗೆಳೆಯನ ಹೆಸರು ಸಹಕಲಾವಿದರ ಖಾನೆಗೆ, ಕನ್ನಡ ಎಂಬುದು ಭಾಷೆಯ ಖಾನೆಗೆ, ಸಾಹಿತ್ಯ ಬರೆದವರ ಹೆಸರು ಅದರದೇ ಖಾನೆಗೆ ಹೋಗುತ್ತದೆ. ಶೀರ್ಷಿಕೆಯಲ್ಲಿ ‘ಅಫಿಷಿಯಲ್ ವಿಡಿಯೊ’ ಎಂದಿದ್ದರೆ ಫಾರ್ಮು ವಾಪಸ್ ಬರುವ ಸಾಧ್ಯತೆಯೇ ಹೆಚ್ಚು. ಆಗ ಪೆಟ್ಟು ಬೀಳುವುದು ದಿನಾಂಕಕ್ಕೆ. ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಸ್ಪಾಟಿಫೈನ ಸಂಪಾದಕರಿಗೆ ಹಾಡನ್ನು ಪರಿಚಯಿಸಿದರೆ ಅದು ಫಾಲೋವರ್‌ಗಳ ‘ರಿಲೀಸ್ ರೇಡಾರ್’ ಪಟ್ಟಿಗೆ ಸೇರುತ್ತದೆ. ತಿದ್ದಿ ಮತ್ತೆ ಕಳಿಸುವಷ್ಟರಲ್ಲಿ ಆ ಗಡುವು ದಾಟಿರುತ್ತದೆ.

ಪ್ರಕಾರದ ಖಾನೆ ಇನ್ನೂ ಸೂಕ್ಷ್ಮ. ಸಾಮಾನ್ಯವಾಗಿ ಮುಖ್ಯ ಪ್ರಕಾರವೊಂದನ್ನು, ಜೊತೆಗೆ ಇನ್ನೊಂದನ್ನು ಆರಿಸಬಹುದು. ಕೇಳುಗರ ಕಿವಿಗೆ ಬೀಳುವ ನಾದ ಯಾವುದೋ ಅದನ್ನೇ ಬರೆಯಬೇಕು. ‘ಊರ ದಾರಿ’ಗೆ ಫೋಕ್ ಮೊದಲು, ಸಿಂಗರ್-ಸಾಂಗ್‌ರೈಟರ್ ಎರಡನೆಯದು. ಹೆಚ್ಚು ಜನ ಕೇಳಲಿ ಎಂದು ಡಾನ್ಸ್ ಎಂದು ಹಾಕಿದರೆ, ಕುಣಿಯಲು ಬಂದವರು ಪಲ್ಲವಿ ಮುಗಿಯುವ ಮೊದಲೇ ಮುಂದಿನ ಹಾಡಿಗೆ ಹೋಗುತ್ತಾರೆ.

ಕನ್ನಡ ಹಾಡುಗಳಿಗೆ ಇಂಗ್ಲಿಷ್ ಕಾಗುಣಿತದ ತೊಡಕೂ ಇದೆ. `Oora Daari`, `Ura Dari`, `Oora Dari` ಹೀಗೆ ಒಬ್ಬೊಬ್ಬರು ಒಂದೊಂದು ರೀತಿ ಹುಡುಕುತ್ತಾರೆ. ಒಂದನ್ನು ಆರಿಸಿ ಎಲ್ಲ ಕಡೆ ಅದನ್ನೇ ಬಳಸಬೇಕು. ಉಳಿದ ರೂಪಗಳನ್ನು ಯೂಟ್ಯೂಬ್‌ನ ಟ್ಯಾಗ್ ಖಾನೆಗೆ ಹಾಕಬಹುದು. ಜನ ತಪ್ಪು ಕಾಗುಣಿತದಲ್ಲಿ ಹುಡುಕುವ ಹೆಸರುಗಳಿಗೇ ಟ್ಯಾಗ್ ಉಪಯುಕ್ತ, ಉಳಿದಂತೆ ಅದರ ಪಾತ್ರ ತೀರ ಕಡಿಮೆ ಎಂದು ಯೂಟ್ಯೂಬೇ ಹೇಳುತ್ತದೆ. ವಿವರಣೆಯಲ್ಲಿ ಮೊದಲು ಕಾಣುವುದು ಒಂದೆರಡು ಸಾಲು ಮಾತ್ರ. ಅಲ್ಲಿ ಹಾಡು ಯಾವುದರ ಬಗ್ಗೆ ಎಂಬುದು ಇರಲಿ, ಕೆಳಗೆ ಸಾಹಿತ್ಯ, ವಾದ್ಯ, ಧ್ವನಿಮುದ್ರಣ ಮಾಡಿದವರ ಹೆಸರುಗಳು. ಹ್ಯಾಷ್‌ಟ್ಯಾಗ್ ಎರಡು ಮೂರು ಸಾಕು. 60 ಮೀರಿದರೆ ಯೂಟ್ಯೂಬ್ ಒಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಬಿಡುಗಡೆಯ ದಿನ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಅದೇ ಹೆಸರಿನ ಬೇರೆ ಕಲಾವಿದರಿದ್ದರೆ ನಿಮ್ಮ ಹಾಡು ಅವರ ಪುಟಕ್ಕೆ ಹೋಗಿ ಕೂತಿರಬಹುದು. ನಿಮ್ಮ ಪುಟ ತೆರೆದು ನೋಡಿ. ಹಾಡು ಅಲ್ಲಿಲ್ಲದಿದ್ದರೆ ಅಂದೇ ಡಿಸ್ಟ್ರಿಬ್ಯೂಟರ್‌ಗೆ ಬರೆಯಿರಿ.