ಬ್ಯಾಟರಿ ಉಳಿಯಿತು, ಸಂದೇಶ ತಡವಾಯಿತು

ಆ್ಯಂಡ್ರಾಯ್ಡ್ ಫೋನಿನಲ್ಲಿ ಚಾಟ್ ಆ್ಯಪ್ ದಿನವಿಡೀ ಎಚ್ಚರವಾಗಿರಬೇಕಿಲ್ಲ. ಎಲ್ಲ ಆ್ಯಪ್‌ಗಳ ಪರವಾಗಿ ಗೂಗಲ್ ಪ್ಲೇ ಸರ್ವಿಸಸ್ ಒಂದೇ ಸಂಪರ್ಕವನ್ನು ತೆರೆದಿಟ್ಟುಕೊಂಡು, ಸಂದೇಶ ಬಂದೊಡನೆ ಆಯಾ ಆ್ಯಪನ್ನು ಎಬ್ಬಿಸುತ್ತದೆ. 2010ರಲ್ಲಿ ಆ್ಯಂಡ್ರಾಯ್ಡ್ 2.2ರ ಜೊತೆ ಶುರುವಾದ ಈ ಏರ್ಪಾಡಿನ ಈಗಿನ ಹೆಸರು ಫೈರ್‌ಬೇಸ್ ಕ್ಲೌಡ್ ಮೆಸೇಜಿಂಗ್.

ಚೀನಾದ ಮಾರುಕಟ್ಟೆಯ ಫೋನುಗಳಿಗೆ ಈ ಅನುಕೂಲ ಸಿಗಲಿಲ್ಲ. ಗೂಗಲ್ ಸೇವೆ ಇಲ್ಲದ ಕಾರಣ ಅಲ್ಲಿ ಆ್ಯಪ್‌ಗಳು ತಂತಮ್ಮ ಸಂಪರ್ಕಗಳನ್ನು ಇಟ್ಟುಕೊಂಡವು. ಒಂದನ್ನು ತೆರೆದರೆ ಅದು ಇನ್ನೊಂದನ್ನೂ ಎಬ್ಬಿಸುತ್ತಿತ್ತು. ಬ್ಯಾಟರಿ ಬೇಗ ಬರಿದಾಗುತ್ತಿತ್ತು. ಇದಕ್ಕೆ ಕಡಿವಾಣವಾಗಿ ತಯಾರಕರು ‘ಆಟೋಸ್ಟಾರ್ಟ್’ ಅನುಮತಿಯನ್ನು ತಂದರು. ಅದಿಲ್ಲದ ಆ್ಯಪ್ ಒಮ್ಮೆ ಮುಚ್ಚಿದರೆ ತಾನಾಗಿ ಏಳುವಂತಿಲ್ಲ. 2014ರಲ್ಲಿ ಶವೊಮಿ ಭಾರತಕ್ಕೆ ಬಂದಾಗ ಅದರ ಸಾಫ್ಟ್‌ವೇರ್ ಜೊತೆ ಈ ಕಟ್ಟುಪಾಡೂ ಬಂತು.

ಇಲ್ಲಿನ ಫೋನುಗಳಲ್ಲಿ ಗೂಗಲ್ ಸೇವೆ ಇದ್ದೇ ಇದೆ. ಆದರೆ ಬ್ಯಾಟರಿ ಸೇವರ್ ಆ್ಯಪನ್ನು ಪೂರ್ತಿ ನಿಲ್ಲಿಸಿಬಿಟ್ಟಿದ್ದರೆ ಗೂಗಲ್ ಕೂಗಿದರೂ ಅದು ಏಳುವುದಿಲ್ಲ. ಬಲವಂತವಾಗಿ ನಿಲ್ಲಿಸಿದ ಆ್ಯಪ್ ಬಳಕೆದಾರ ತೆರೆಯುವ ತನಕ ನಿಂತೇ ಇರಬೇಕೆಂಬುದು 2011ರ ಆ್ಯಂಡ್ರಾಯ್ಡ್ 3.1ರಿಂದಲೂ ಇರುವ ನಿಯಮ. ತುಂಬ ಜನಪ್ರಿಯ ಆ್ಯಪ್‌ಗಳಿಗೆ ತಯಾರಕರೇ ಮೊದಲೇ ವಿನಾಯಿತಿ ಕೊಟ್ಟಿರುವುದುಂಟು. ಹೊಡೆತ ಬೀಳುವುದು ಹೆಚ್ಚಾಗಿ ಉಳಿದವುಗಳಿಗೆ.

ರೆಡ್ಮಿ ಫೋನಿನ ಸಿಗ್ನಲ್ ಆ್ಯಪನ್ನು ಗಮನಿಸಬಹುದು. ರಾತ್ರಿ ಹತ್ತಕ್ಕೆ ಕಳುಹಿಸಿದ ಸಂದೇಶಕ್ಕೆ ಕಳುಹಿಸಿದವರ ಕಡೆ ಒಂದೇ ಟಿಕ್ ಕಾಣುತ್ತದೆ: ಸರ್ವರ್ ತಲುಪಿದೆ, ಫೋನ್ ತಲುಪಿಲ್ಲ. ಬೆಳಿಗ್ಗೆ ಆ್ಯಪ್ ತೆರೆದ ಕೂಡಲೇ ರಾತ್ರಿಯದೆಲ್ಲ ಒಟ್ಟಿಗೆ ಬಂದು ಬೀಳುತ್ತದೆ, ಅತ್ತ ಎರಡು ಟಿಕ್ ಮೂಡುತ್ತದೆ. ಇಂಟರ್ನೆಟ್ ಇದ್ದು, ಬೇರೆ ಆ್ಯಪ್‌ಗಳ ಸಂದೇಶ ಸರಿಯಾಗಿ ಬರುತ್ತಿದ್ದರೆ, ಅನುಮಾನ ಬ್ಯಾಟರಿ ಸೇವರ್ ಮೇಲೆಯೇ.

ಪರಿಹಾರಕ್ಕೆ ಆ್ಯಪ್ ಐಕಾನನ್ನು ಒತ್ತಿ ಹಿಡಿದು App info ತೆರೆಯಬೇಕು. ಅಲ್ಲಿ Autostart ಆನ್ ಮಾಡಿ, Battery saver ಒಳಗೆ No restrictions ಆರಿಸಬೇಕು. ಎರಡೂ ಬೇಕು: ಮೊದಲನೆಯದು ಮುಚ್ಚಿದ ಆ್ಯಪನ್ನು ಏಳಗೊಡುತ್ತದೆ, ಎರಡನೆಯದು ಹಿನ್ನೆಲೆಯಲ್ಲಿ ಅದನ್ನು ಕೊಲ್ಲದಂತೆ ತಡೆಯುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಆಟೋಸ್ಟಾರ್ಟ್ ಬದಲು Never sleeping apps ಪಟ್ಟಿಗೆ ಆ್ಯಪನ್ನು ಸೇರಿಸಬೇಕು. ಪಿಕ್ಸೆಲ್‌ನಲ್ಲಿ ಬ್ಯಾಟರಿ ಬಳಕೆಯನ್ನು Unrestricted ಎಂದಿಟ್ಟರೆ ಸಾಕು. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಈ ಆಯ್ಕೆಗಳು ಉಳಿದಿವೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಈ ಸವಲತ್ತು ಎಲ್ಲ ಆ್ಯಪ್‌ಗಳಿಗೂ ಬೇಡ. ಶಾಪಿಂಗ್, ಗೇಮ್ ಆ್ಯಪ್‌ಗಳು ತಡವಾಗಿ ಎದ್ದರೆ ನಷ್ಟವಿಲ್ಲ. ತುರ್ತು ಸುದ್ದಿ ತರುವ ಎರಡು ಮೂರು ಚಾಟ್ ಆ್ಯಪ್‌ಗಳಿಗಷ್ಟೇ ಕೊಟ್ಟರೆ ಬ್ಯಾಟರಿಗೆ ಬೀಳುವ ಹೊರೆ ಅಲ್ಪ.